‘ಇತರೆ ಖರ್ಚು 23,600’: ಆಡಿಟರ್ ಪ್ರಶ್ನೆಗೆ ಉತ್ತರ ಬರೆಯುವುದು ಹೇಗೆ

ಹಾಲು ಉತ್ಪಾದಕರ ಸಹಕಾರ ಸಂಘವೊಂದರ ಕಾರ್ಯದರ್ಶಿ ಒಂದು ಸಂಜೆ ಮನೆಗೆ ಬಂದರು. ಆಡಿಟರ್ ಕೊಟ್ಟಿದ್ದ ಹಾಳೆಯೊಂದು ಕೈಯಲ್ಲಿತ್ತು. ಅದರಲ್ಲಿ ಇದ್ದದ್ದು ಒಂದೇ ಪ್ರಶ್ನೆ: ‘14-03-2024ರಂದು ಕಿರ್ದಿಯಲ್ಲಿ ಇತರೆ ಖರ್ಚು ಬಾಬ್ತು ರೂ. 23,600 ನಮೂದಾಗಿದ್ದು, ವೋಚರ್ ನಂ. 212 ಕಡತದಲ್ಲಿ ಕಂಡುಬಂದಿಲ್ಲ. ಬ್ಯಾಂಕ್ ಪಟ್ಟಿಯಂತೆ ಹಣ ವ್ಯಕ್ತಿಯೊಬ್ಬರ ಖಾತೆಗೆ ಸಂದಾಯವಾಗಿದೆ. ಪಾವತಿಯ ಉದ್ದೇಶ ಮತ್ತು ಮಂಜೂರಾತಿಯ ವಿವರ ನೀಡುವುದು.’

ಅವರು ಬರೆದು ತಂದಿದ್ದ ಉತ್ತರ ಹೀಗಿತ್ತು: ‘ಸದರಿ ಮೊತ್ತವನ್ನು ಸಂಘದ ಅತ್ಯಗತ್ಯ ಕೆಲಸಕ್ಕಾಗಿ ಪಾವತಿಸಲಾಗಿದೆ. ಯಾವುದೇ ದುರುಪಯೋಗ ನಡೆದಿರುವುದಿಲ್ಲ. ಕಣ್ತಪ್ಪಿನಿಂದ ವೋಚರ್ ಇಡಲಾಗಿರುವುದಿಲ್ಲ. ಆದ್ದರಿಂದ ಆಕ್ಷೇಪಣೆಯನ್ನು ಕೈಬಿಡಬೇಕಾಗಿ ಕೋರಿಕೆ.’

ಆ ಮನುಷ್ಯ ಪ್ರಾಮಾಣಿಕರು. ಆದರೂ ಈ ನಾಲ್ಕು ಸಾಲುಗಳನ್ನು ಓದಿದವರಿಗೆ ಅನುಮಾನ ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ದುರುಪಯೋಗ ಆಗಿದೆ ಎಂದು ಆಡಿಟರ್ ಎಲ್ಲೂ ಬರೆದಿರಲಿಲ್ಲ. ಕೇಳದ ಆರೋಪವನ್ನು ತಾವೇ ಎತ್ತಿ ನಿರಾಕರಿಸಿದ್ದರು, ಕೇಳಿದ ಉದ್ದೇಶವನ್ನು ಮಾತ್ರ ಹೇಳಿರಲಿಲ್ಲ. ‘ಅತ್ಯಗತ್ಯ ಕೆಲಸ’ ಎಂದರೆ ಯಾವುದು? ‘ಪಾವತಿಸಲಾಗಿದೆ’ ಎಂದರೆ ಪಾವತಿಸಿದವರು ಯಾರು? ನಮ್ಮ ಕಚೇರಿ ಕನ್ನಡದ ಈ ‘ಲಾಗಿದೆ’ ಎಷ್ಟು ರೂಢಿಯಾಗಿದೆಯೆಂದರೆ, ಅದು ಕೆಲಸ ಮಾಡಿದವನನ್ನು ವಾಕ್ಯದಿಂದಲೇ ಕಾಣೆ ಮಾಡುವುದು ಬರೆಯುವವರ ಗಮನಕ್ಕೆ ಬರುವುದಿಲ್ಲ. ಆಡಿಟರ್‌ಗೆ ಬೇಕಿರುವುದು ಸರಿಯಾಗಿ ಆ ಕಾಣೆಯಾದ ಹೆಸರೇ.

‘ಹಾಗಾದರೆ ಏನಾಯಿತು ಅಂತ ಹೇಳಿ’ ಎಂದೆ. ಮಾರ್ಚ್ 12ರ ರಾತ್ರಿ ಸಂಘದ ಬಲ್ಕ್ ಕೂಲರ್ ಕೆಟ್ಟು ನಿಂತಿತ್ತು. ಕರೆದ ಹಾಲನ್ನು ಬೇಗ 4 ಡಿಗ್ರಿಗೆ ಇಳಿಸದಿದ್ದರೆ ಬೇಸಿಗೆಯಲ್ಲಿ ಒಡೆದುಹೋಗುತ್ತದೆ. ಮೆಕ್ಯಾನಿಕ್ ಬಂದು ಕಂಡೆನ್ಸರ್ ಫ್ಯಾನಿನ ಮೋಟಾರ್ ಬದಲಿಸಿ, ಗ್ಯಾಸ್ ತುಂಬಿ, 14ರಂದು ಕೂಲರ್ ಚಾಲೂ ಮಾಡಿದರು. ಅದೇ ದಿನ ಅಧ್ಯಕ್ಷರು ಮತ್ತು ಕಾರ್ಯದರ್ಶಿ ಇಬ್ಬರೂ ಸಹಿ ಹಾಕಿದ ಚೆಕ್ ಕೊಟ್ಟು ಬ್ಯಾಂಕಿನಿಂದ ನೆಫ್ಟ್ ಮಾಡಿಸಿದರು. ಬಿಲ್ಲನ್ನು ಕಾರ್ಯದರ್ಶಿ ಎಲ್ಲೋ ಇಟ್ಟು ಮರೆತರು. ಆಡಳಿತ ಮಂಡಳಿಯ ಸಭೆ ಕೂಡಿದ್ದು ಏಪ್ರಿಲ್ 5ಕ್ಕೆ, ಠರಾವು ಆದದ್ದು ಅಂದೇ. ಕಾರ್ಯದರ್ಶಿ ತಾವಾಗಿ ಖರ್ಚು ಮಾಡಬಹುದಾದ ಮಿತಿ ಆ ಸಂಘದ ಹಳೆಯ ಠರಾವಿನಂತೆ 10,000 ರೂಪಾಯಿ.

ಅಂದರೆ ನಿಜವಾದ ಲೋಪ ಒಂದಲ್ಲ, ಎರಡು. ವೋಚರ್ ಇಲ್ಲ ಎಂಬುದನ್ನು ಆಡಿಟರ್ ಕಂಡಿದ್ದರು. ಮಂಜೂರಾತಿ ಪಾವತಿಯಾದ 22 ದಿನಗಳ ಮೇಲೆ, ಅದೂ ಮುಂದಿನ ಹಣಕಾಸು ವರ್ಷದಲ್ಲಿ ಸಿಕ್ಕಿತು ಎಂಬುದು ಅವರಿಗಿನ್ನೂ ಗೊತ್ತಿರಲಿಲ್ಲ.

ಆಗ ಕಾರ್ಯದರ್ಶಿ ತಗ್ಗಿದ ದನಿಯಲ್ಲಿ ಕೇಳಿದರು: ‘ಸಾರ್, ವೋಚರ್ ಪುಸ್ತಕದಲ್ಲಿ ಒಂದು ಖಾಲಿ ಹಾಳೆ ಇದೆ. 14ನೇ ತಾರೀಖು ಹಾಕಿ ಬರೆದುಬಿಡಲೇ? ಖರ್ಚಂತೂ ನಿಜ ತಾನೇ?’

ಲೆಕ್ಕ ಬರೆಯುವವರು ಎಡವುವುದು ಈ ಜಾಗದಲ್ಲೇ. ಖರ್ಚು ನಿಜವಿದ್ದರೂ ಹಿಂದಿನ ತಾರೀಖಿನ ವೋಚರ್ ಸುಳ್ಳೇ, ಏಕೆಂದರೆ ಆ ದಿನ ಅಂಥ ಕಾಗದ ಇರಲೇ ಇಲ್ಲ. ವೋಚರ್ ಇಡದೆ ಹೋದದ್ದು ಕೆಲಸದ ಲೋಪ. ಇಂದು ಸೃಷ್ಟಿಸಿ ಅಂದಿನ ತಾರೀಖು ಹಾಕಿದರೆ ಅದು ದಾಖಲೆ ತಿದ್ದಿದ ಹಾಗೆ. ಸಿಕ್ಕಿಬೀಳುವುದೂ ಸುಲಭ. ಹಿಂದುಮುಂದಿನ ವೋಚರ್‌ಗಳ ಶಾಯಿ ಬೇರೆ, ಕೈಬರಹದ ಓಟ ಬೇರೆ, ಅಚ್ಚಾದ ಕ್ರಮಸಂಖ್ಯೆ ಬೇರೆ. ಮೊದಲ ಭೇಟಿಯಲ್ಲೇ ಆಡಿಟರ್ ಕಡತದ ಫೋಟೋ ತೆಗೆದುಕೊಂಡಿದ್ದರಂತೂ ಮುಗಿಯಿತು. ಆ ಒಂದು ಹಾಳೆಯಿಂದ ವರ್ಷದ ಉಳಿದೆಲ್ಲ ವೋಚರ್‌ಗಳ ಮೇಲೂ ಅನುಮಾನ ಬೀಳುತ್ತದೆ.

ಆ ಖಾಲಿ ಹಾಳೆಯನ್ನು ಹಾಗೇ ಬಿಟ್ಟು ಇರುವ ಪುರಾವೆ ಹುಡುಕಲು ಹೊರಟೆವು. ಆಡಿಟರ್ ಕಾಗದಗಳನ್ನು ಅಳೆಯುವ ಕ್ರಮವೊಂದಿದೆ. ಬಾಯಿಮಾತಿಗಿಂತ ಬರಹಕ್ಕೆ ತೂಕ ಹೆಚ್ಚು, ಜೆರಾಕ್ಸಿಗಿಂತ ಮೂಲ ಪ್ರತಿಗೆ ಹೆಚ್ಚು, ಸಂಘದೊಳಗೆ ಹುಟ್ಟಿದ ಕಾಗದಕ್ಕಿಂತ ಹೊರಗಿನವರ ಬಳಿಯಿಂದ ಬಂದದ್ದಕ್ಕೆ ಇನ್ನೂ ಹೆಚ್ಚು. ಹಾಗಾಗಿ ‘ನಾನು ಹೇಳುತ್ತಿದ್ದೇನಲ್ಲ’ ಎಂಬ ಕಾರ್ಯದರ್ಶಿಯ ಹೇಳಿಕೆ ಕೊನೆಯ ಸಾಲಿಗೆ ಹೋಗುತ್ತದೆ. ಅವರು ಸುಳ್ಳುಗಾರರೆಂದಲ್ಲ. ಅವರ ಕೆಲಸವನ್ನೇ ಪರಿಶೀಲಿಸುತ್ತಿರುವಾಗ ಅವರ ಮಾತೊಂದೇ ಸಾಲುವುದಿಲ್ಲ, ಅಷ್ಟೇ.

ಬ್ಯಾಂಕಿನಲ್ಲಿ ನೆಫ್ಟ್ ಅರ್ಜಿಯ ಪ್ರತಿ ಸಿಕ್ಕಿತು. ಎರಡೂ ಸಹಿ ಅದರಲ್ಲಿದ್ದವು, ಉದ್ದೇಶದ ಜಾಗದಲ್ಲಿ ‘ಕೂಲರ್ ರಿಪೇರಿ’ ಎಂದಿತ್ತು. ಅಂಗಡಿಯವರು ಬಿಲ್ಲಿನ ನಕಲು ಕೊಟ್ಟರು: ಮೋಟಾರ್ 11,500, ಗ್ಯಾಸ್ 5,500, ಕೂಲಿ 3,000, ಒಟ್ಟು 20,000. ಅದರ ಮೇಲೆ ಶೇ. 18 ಜಿಎಸ್‌ಟಿ 3,600. ಬ್ಯಾಂಕಿನಿಂದ ಹೋದ ಹಣಕ್ಕೆ ಪೈಸೆಯೂ ವ್ಯತ್ಯಾಸವಿಲ್ಲ. ನಕಲಿನ ಮೇಲೆ ‘ನಕಲು ಪ್ರತಿ’ ಎಂದೂ ಕೊಟ್ಟ ದಿನಾಂಕವನ್ನೂ ಬರೆಸಿಕೊಂಡೆವು. ಅದನ್ನು ಬರೆಸದೆ ಮೂಲ ಬಿಲ್ಲೆಂಬಂತೆ ಕಡತಕ್ಕೆ ಸೇರಿಸಿದ್ದರೆ ಅದೂ ಅರ್ಧ ಸುಳ್ಳಾಗುತ್ತಿತ್ತು.

ಇನ್ನು ಉಳಿದದ್ದು ಹೆಸರಿನ ತೊಡಕು. ಬಿಲ್ ಅಂಗಡಿಯ ಹೆಸರಿನಲ್ಲಿದೆ, ಹಣ ಹೋದದ್ದು ವ್ಯಕ್ತಿಯ ಖಾತೆಗೆ. ಆಡಿಟರ್ ಪ್ರಶ್ನೆ ಎತ್ತಿದ್ದೇ ಇದನ್ನು ನೋಡಿ. ಒಬ್ಬರೇ ಮಾಲೀಕರಿರುವ ಅಂಗಡಿಗಳಲ್ಲಿ ಇದು ಸಾಮಾನ್ಯ, ಆದರೆ ಸಾಮಾನ್ಯ ಎಂದು ಬರೆದರೆ ಉತ್ತರವಾಗುವುದಿಲ್ಲ. ಬಿಲ್ಲಿನ ಮೇಲೆ 15 ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆ ಇರುತ್ತದೆ. ಮೊದಲ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 29. ನಂತರದ ಹತ್ತು ಮಾಲೀಕರ ಪ್ಯಾನ್ ಸಂಖ್ಯೆ. ಈ ಸಂಖ್ಯೆಯನ್ನು ಜಿಎಸ್‌ಟಿ ಪೋರ್ಟಲಿನಲ್ಲಿ ಹಾಕಿದರೆ ವ್ಯಾಪಾರದ ಹೆಸರೂ ಕಾನೂನಿನ ಪ್ರಕಾರದ ಹೆಸರೂ ಅಕ್ಕಪಕ್ಕ ಕಾಣುತ್ತವೆ, ಯಾರು ಬೇಕಾದರೂ ನೋಡಬಹುದು. ಎರಡನೆಯ ಹೆಸರು ಬ್ಯಾಂಕ್ ಪಟ್ಟಿಯ ಹೆಸರೇ ಆಗಿತ್ತು. ಆ ಪುಟವನ್ನು ಅಚ್ಚು ಹಾಕಿಸಿಕೊಂಡೆವು.

ರಿಪೇರಿ ನಿಜವಾಗಿ ನಡೆಯಿತೇ ಎಂಬುದಕ್ಕೆ ಸಾಕ್ಷಿ ನಾವು ನಿರೀಕ್ಷಿಸದ ಕಡೆ ಇತ್ತು. ಕೂಲರ್ ಸರಿಯಿರುವಾಗ ಆ ಸಂಘದ ಹಾಲು ಟ್ಯಾಂಕರಿನಲ್ಲಿ ಹೋಗುತ್ತದೆ. ಮಾರ್ಚ್ 13ರಂದು ಎರಡೂ ಹೊತ್ತು, 14ರ ಬೆಳಿಗ್ಗೆ ಒಂದು ಹೊತ್ತು ಅದು ಕ್ಯಾನುಗಳಲ್ಲಿ ಹೋಗಿತ್ತು ಎಂದು ಒಕ್ಕೂಟದ ಟ್ರಕ್ ಶೀಟ್ ಹೇಳುತ್ತಿತ್ತು. ಈ ಪಾವತಿಯ ಗೊಡವೆಯೇ ಇಲ್ಲದ ಯಾರೋ ತಮ್ಮ ದಿನದ ಕೆಲಸವಾಗಿ ಬರೆದಿಟ್ಟ ಆ ಮೂರು ಸಾಲುಗಳಿಗಿಂತ ಬಲವಾದ ಪುರಾವೆ ನಮ್ಮ ಕಟ್ಟಿನಲ್ಲಿ ಬೇರೆ ಇರಲಿಲ್ಲ.

ಇಷ್ಟಾದ ಮೇಲೆ ಉತ್ತರ ಬರೆಯಲು ಕುಳಿತೆವು. ಕೊನೆಗೆ ಉಳಿದದ್ದು ಇದು:

‘ವೋಚರ್ ನಂ. 212, ದಿ. 14-03-2024, ರೂ. 23,600ರ ಬಗ್ಗೆ:

1. ಈ ಮೊತ್ತ ಸಂಘದ ಬಲ್ಕ್ ಕೂಲರಿನ ದುರಸ್ತಿಗೆ ಪಾವತಿಯಾದದ್ದು. ಬಿಲ್ಲಿನ ನಕಲು ಪ್ರತಿ ಲಗತ್ತು 1. ಮೂಲ ಬಿಲ್ ಸಂಘದಲ್ಲಿ ಸಿಕ್ಕಿಲ್ಲ.

2. ಅಧ್ಯಕ್ಷರು ಮತ್ತು ಕಾರ್ಯದರ್ಶಿ ಜಂಟಿ ಸಹಿಯಿಂದ ನೆಫ್ಟ್ ಮೂಲಕ ಪಾವತಿಸಿದ್ದಾರೆ. ಬ್ಯಾಂಕ್ ಅರ್ಜಿಯ ಪ್ರತಿ ಲಗತ್ತು 2. ಬ್ಯಾಂಕ್ ಪಟ್ಟಿಯಲ್ಲಿರುವ ಹೆಸರು ಬಿಲ್ ನೀಡಿದ ಅಂಗಡಿಯ ಮಾಲೀಕರದು. ಜಿಎಸ್‌ಟಿ ನೋಂದಣಿ ವಿವರ ಲಗತ್ತು 3.

3. 13-03-2024ರ ಎರಡು ಹೊತ್ತು ಮತ್ತು 14-03-2024ರ ಬೆಳಿಗ್ಗೆ ಹಾಲನ್ನು ಕ್ಯಾನುಗಳಲ್ಲಿ ಕಳುಹಿಸಿದೆ. ಟ್ರಕ್ ಶೀಟ್ ಪ್ರತಿ ಲಗತ್ತು 4.

4. ವೋಚರ್ ನಂ. 212 ಎಂದು ಕಿರ್ದಿಯಲ್ಲಿ ಬರೆದಿದ್ದರೂ ಆ ದಿನ ವೋಚರ್ ತಯಾರಿಸಿಲ್ಲ ಎಂದು ಕಾರ್ಯದರ್ಶಿ ತಿಳಿಸಿದ್ದಾರೆ.

5. ಕಾರ್ಯದರ್ಶಿಯ ಖರ್ಚಿನ ಮಿತಿ ರೂ. 10,000. ಈ ಪಾವತಿಗೆ ಮುಂಗಡ ಮಂಜೂರಾತಿ ಪಡೆದಿಲ್ಲ. ಆಡಳಿತ ಮಂಡಳಿ 05-04-2024ರ ಸಭೆಯಲ್ಲಿ ಸ್ಥಿರೀಕರಿಸಿದೆ. ನಡವಳಿಯ ಪ್ರತಿ ಲಗತ್ತು 5.

6. ಖರ್ಚನ್ನು ‘ಇತರೆ’ ಬದಲು ‘ಯಂತ್ರ ದುರಸ್ತಿ’ ಶೀರ್ಷಿಕೆಗೆ ಸೇರಿಸಬೇಕಿತ್ತು. ತಾವು ಒಪ್ಪಿದಲ್ಲಿ ಹೊಂದಾಣಿಕೆ ನಮೂದು ಮಾಡುತ್ತೇವೆ.’

ನಾಲ್ಕನೆಯ ಸಾಲಿಗೆ ‘ಕಾರ್ಯದರ್ಶಿ ತಿಳಿಸಿದ್ದಾರೆ’ ಎಂದು ಬೇಕೆಂದೇ ಸೇರಿಸಿದೆವು. ವೋಚರ್ ತಯಾರಿಸಿರಲಿಲ್ಲ ಎಂಬುದಕ್ಕೆ ಕಾಗದದ ಸಾಕ್ಷಿ ಇಲ್ಲ, ಇರುವುದು ಅವರ ಮಾತು ಮಾತ್ರ. ಉಳಿದ ಸಾಲುಗಳು ನಿಂತಿರುವುದು ಕಾಗದದ ಮೇಲೆ. ಎರಡನ್ನೂ ಒಂದೇ ದನಿಯಲ್ಲಿ ಬರೆದರೆ, ಯಾವುದನ್ನು ಲಗತ್ತಿನಲ್ಲಿ ನೋಡಬೇಕು, ಯಾವುದನ್ನು ಕೂರಿಸಿ ಕೇಳಬೇಕು ಎಂಬುದು ಓದುವವರಿಗೆ ತಿಳಿಯುವುದಿಲ್ಲ. ಹಾಗೆಯೇ ‘ಮೂಲ ಬಿಲ್ ಕಳೆದುಹೋಗಿದೆ’ ಎಂದು ಬರೆಯದೆ ‘ಸಿಕ್ಕಿಲ್ಲ’ ಎಂದೆವು. ನಮಗೆ ಖಚಿತವಾಗಿ ಗೊತ್ತಿದ್ದದ್ದು ಅಷ್ಟೇ. ನಾಳೆ ಪಶು ಆಹಾರದ ಸ್ಟಾಕ್ ಪುಸ್ತಕದೊಳಗೆ ಅದು ಸಿಕ್ಕರೂ ಉತ್ತರ ಸುಳ್ಳಾಗುವುದಿಲ್ಲ.

ಐದನೆಯ ಸಾಲಿನ ಬಗ್ಗೆ ಒಂದು ಗಂಟೆ ಮಾತಾಯಿತು. ‘ನಮ್ಮ ತಪ್ಪು ನಾವೇ ಬರೆದುಕೊಡೋದಾ ಸಾರ್?’ ಎಂದು ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ಆದರೆ ಪ್ರಶ್ನೆಯಲ್ಲಿ ‘ಮಂಜೂರಾತಿಯ ವಿವರ’ ಎಂಬ ಮಾತೂ ಇತ್ತು. ‘ಆಡಳಿತ ಮಂಡಳಿ ಮಂಜೂರು ಮಾಡಿದೆ’ ಎಂದಷ್ಟೇ ಬರೆದು ತಾರೀಖು ಬಿಟ್ಟಿದ್ದರೆ ಪ್ರತಿ ಪದವೂ ನಿಜವಿದ್ದೂ ಒಟ್ಟು ವಾಕ್ಯ ದಾರಿ ತಪ್ಪಿಸುತ್ತಿತ್ತು, ಮತ್ತು ನಡವಳಿ ಪುಸ್ತಕ ಹೇಗಿದ್ದರೂ ಆಡಿಟರ್ ಮೇಜಿಗೆ ಬರುತ್ತದೆ. ತುರ್ತು ಇತ್ತು, ಹಾಲು ಒಡೆಯುತ್ತಿತ್ತು ಎಂದು ಸೇರಿಸೋಣವೆಂದರು. ಬೇಡವೆಂದೆ. ಮೂರನೆಯ ಸಾಲಿನ ಕ್ಯಾನುಗಳು ಅದನ್ನು ಹೇಳುತ್ತವೆ. ಅದು ವಿನಾಯಿತಿ ಕೊಡುವಷ್ಟು ತುರ್ತೇ ಎಂದು ಅಳೆಯುವುದು ಆಡಿಟರ್ ಕೆಲಸ. ‘ಆಕ್ಷೇಪಣೆ ಕೈಬಿಡಬೇಕು’ ಎಂಬ ಕೋರಿಕೆಯನ್ನೂ ಅದೇ ಕಾರಣಕ್ಕೆ ತೆಗೆದೆವು.

ಆರನೆಯದರಲ್ಲಿ ಕಿರ್ದಿಯನ್ನು ನಾವೇ ತಿದ್ದದೆ ಒಪ್ಪಿಗೆ ಕೇಳಿದ್ದೇವೆ. ಪರಿಶೋಧನೆ ನಡೆಯುತ್ತಿರುವಾಗ ‘ಇತರೆ’ ಎಂಬುದರ ಮೇಲೆ ವೈಟ್ನರ್ ಬಳಿದು ‘ದುರಸ್ತಿ’ ಎಂದು ಬರೆದರೆ, ಸರಿಯಾದ ತಿದ್ದುಪಡಿಯೂ ಕಳ್ಳ ತಿದ್ದುಪಡಿಯಂತೆ ಕಾಣುತ್ತದೆ. ಹಳೆಯ ನಮೂದು ಓದುವಂತೆಯೇ ಉಳಿಯಬೇಕು. ಹೊಸದು ಬೇರೆ ಸಾಲಿನಲ್ಲಿ, ಬರೆದ ದಿನದ ತಾರೀಖಿನೊಂದಿಗೆ, ಕಾರಣದೊಂದಿಗೆ ಬರಬೇಕು.

ಪ್ರತಿ ಬಾರಿಯೂ ಇಷ್ಟು ಕಾಗದ ಸಿಗುವುದಿಲ್ಲ. ಅಂಗಡಿ ಮುಚ್ಚಿರಬಹುದು, ಆಗಿನ ಕಾರ್ಯದರ್ಶಿ ಕೆಲಸ ಬಿಟ್ಟಿರಬಹುದು. ಆಗ ಊಹಿಸಿ ಕಥೆ ಕಟ್ಟದೆ, ಏನನ್ನು ಎಲ್ಲಿ ಹುಡುಕಿದಿರಿ, ಯಾರಿಗೆ ಯಾವ ದಿನ ಪತ್ರ ಬರೆದಿರಿ, ಉತ್ತರ ಬಂತೇ ಎಂದು ಬರೆಯಿರಿ. ಉದ್ದೇಶ ತಿಳಿಯುವವರೆಗೆ ಆ ಮೊತ್ತವನ್ನು ಖರ್ಚೆಂದು ತೋರಿಸದೆ ಅನಾಮತ್ತು ಖಾತೆಯಲ್ಲಿ ಇಡಬಹುದೇ ಎಂದು ಆಡಿಟರ್ ಅವರನ್ನೇ ಕೇಳಿ. ‘ವಿವರ ಲಭ್ಯವಾಗಿಲ್ಲ’ ಎಂಬ ಉತ್ತರಕ್ಕೆ ಆಕ್ಷೇಪಣೆ ಉಳಿಯುತ್ತದೆ, ನಿಜ. ಊಹೆಯ ಉತ್ತರ ಸುಳ್ಳೆಂದು ಬಯಲಾದರೆ ಉಳಿಯುವುದು ಆಕ್ಷೇಪಣೆಯೊಂದೇ ಅಲ್ಲ.

ಆ ಸಂಘದ ವರದಿಯಲ್ಲಿ ಪಾವತಿಯ ಉದ್ದೇಶದ ಪ್ರಶ್ನೆ ಮುಕ್ತಾಯವಾಯಿತು. ಮುಂಗಡ ಮಂಜೂರಾತಿ ಪಡೆಯದ ಬಗ್ಗೆ ಒಂದು ಸಾಲು ಉಳಿಯಿತು, ಅದು ಉಳಿಯಬೇಕಾದದ್ದೇ. ವೋಚರ್ ಕಡತದಲ್ಲಿ 211 ಮತ್ತು 213ರ ನಡುವೆ ಈಗ ಒಂದು ಬಿಳಿ ಹಾಳೆ ಇದೆ. ‘ವೋಚರ್ ಇಲ್ಲ, ಆಡಿಟ್ ಉತ್ತರ ನೋಡಿ’ ಎಂದು ಬರೆದು ಕಾರ್ಯದರ್ಶಿ ಸಹಿ ಹಾಕಿದ್ದಾರೆ. ಸಹಿಯ ಕೆಳಗಿರುವುದು ಅದನ್ನು ಬರೆದ ದಿನದ ತಾರೀಖು.