ಪದರ ಉಡುಪು

ಒಂದೇ ದಪ್ಪ ಬಟ್ಟೆಯ ಬದಲು ಹಲವು ಉಡುಪುಗಳನ್ನು ಒಂದರ ಮೇಲೊಂದು ತೊಡುವ ಕ್ರಮಕ್ಕೆ ಪದರ ಉಡುಪು ಎನ್ನಬಹುದು. ಕೆನಡಾದ ವಿನ್ನಿಪೆಗ್ ನಗರದಲ್ಲಿ ಜನವರಿಯ ಉಷ್ಣಾಂಶ −20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವುದು ಸಾಮಾನ್ಯ. ಕಟ್ಟಡಗಳ ಒಳಗೆ ಸುಮಾರು 21 ಡಿಗ್ರಿ ಇರುತ್ತದೆ. ಒಂದು ಬಾಗಿಲು ದಾಟಿದರೆ 40 ಡಿಗ್ರಿಗಳ ಅಂತರ ಎದುರಾಗುವುದರಿಂದ ಉಡುಪು ಬೆಚ್ಚಗಿದ್ದರೆ ಸಾಲದು, ಸುಲಭವಾಗಿ ಕಳಚುವಂತೆಯೂ ಇರಬೇಕು.

ಒಳಗೆ ಕೋಟು ತೆಗೆಯದಿದ್ದರೆ ಮೈ ಬೆವರುತ್ತದೆ. ಹತ್ತಿಯ ಒಳಅಂಗಿ ಆ ಬೆವರನ್ನು ಹೀರಿ ಬಹಳ ಹೊತ್ತು ಒದ್ದೆಯಾಗಿಯೇ ಉಳಿಯುತ್ತದೆ. ಹೊರಗೆ ಹೋದಾಗ ಆ ತೇವವು ಮೈಯ ಶಾಖವನ್ನು ಸೆಳೆಯುತ್ತದೆ. ಕೋಟು ದಪ್ಪವಾಗಿದ್ದರೂ ಬೆನ್ನು ತಣ್ಣಗಾದರೆ ಕಾರಣ ಹೆಚ್ಚಾಗಿ ಇದೇ. ಆದ್ದರಿಂದ ಒಳಪದರಕ್ಕೆ ತೆಳು ಮೆರಿನೋ ಉಣ್ಣೆ ಅಥವಾ ಪಾಲಿಯೆಸ್ಟರ್ ಮೇಲು.

ಬಸ್ಸಿನಲ್ಲಿ ಕಚೇರಿಗೆ ಹೋಗುವವರಿಗೆ ಕೋಣೆಯಲ್ಲಿ ಹಿತವೆನಿಸುವ ತೆಳು ಅಂಗಿ, ಮುಂದೆ ಪೂರ್ತಿ ಜಿಪ್ ಇರುವ ಸ್ವೆಟರ್, ಮೇಲೆ ಗರಿ ತುಂಬಿದ ಉದ್ದ ಕೋಟು ಒಗ್ಗುತ್ತವೆ. ಹೆಚ್ಚಿನ ಬಿಸುಪು ಕೋಟಿನಲ್ಲೇ ಇರುವುದರಿಂದ ಅದೊಂದನ್ನು ತೆಗೆದರೆ ಸಾಕು. ಟೋಪಿ, ಕೈಗವಸುಗಳನ್ನು ಅದರ ತೋಳಿನೊಳಗೆ ತುರುಕಿಟ್ಟರೆ ಕಳೆಯುವುದಿಲ್ಲ. ಬಸ್ಸಿನಲ್ಲಿ ಕೋಟು ಕಳಚುವ ಗೋಜಿಲ್ಲ. ಜಿಪ್ ಇಳಿಸಿ ಟೋಪಿ ತೆಗೆದರಾಯಿತು.

ಕಾಲುಗಳದ್ದೇ ತೊಡಕು. ಪ್ಯಾಂಟಿನ ಒಳಗೆ ತೊಟ್ಟ ದಪ್ಪ ಉಣ್ಣೆಯ ಒಳಉಡುಪನ್ನು ಕಚೇರಿಯಲ್ಲಿ ತೆಗೆಯಲಾಗದು. ಅದರ ಬದಲು, ಬೂಟು ಬಿಚ್ಚದೆಯೇ ಕಳಚಬಹುದಾದ, ಪಕ್ಕದಲ್ಲಿ ಉದ್ದಕ್ಕೂ ಜಿಪ್ ಇರುವ ಮೇಲುಪ್ಯಾಂಟು ಅನುಕೂಲ. ಹೊರಡುವಾಗ ಇದನ್ನು ಮೊದಲು ತೊಟ್ಟು, ಕೋಟಿನ ಜಿಪ್ಪನ್ನು ಹೊರಬಾಗಿಲ ಬಳಿಯಷ್ಟೇ ಏರಿಸುತ್ತಾರೆ.