ಅಂಕಪಟ್ಟಿಯಲ್ಲಿ ಹೆಸರು ತಪ್ಪಿದಾಗ: ಕುಲಸಚಿವರಿಗೆ ಬರೆಯುವ ಪತ್ರ



ಅಂಕಪಟ್ಟಿ ಕೈಗೆ ಬಂದೊಡನೆ ನಮ್ಮ ಕಣ್ಣು ಹೋಗುವುದು ಅಂಕಗಳ ಕಡೆಗೆ. ಹೆಸರನ್ನು ಓದುವವರು ಕಡಿಮೆ. ನಮ್ಮ ಹೆಸರು ನಮಗೆ ಗೊತ್ತೇ ಇದೆಯಲ್ಲ! ಆದರೆ ಮುಂದೆ ಕೆಲಸಕ್ಕೆ ಸೇರುವಾಗ ದಾಖಲೆ ಪರಿಶೀಲಿಸುವ ಅಧಿಕಾರಿಗೆ ನಿಮ್ಮ ಪರಿಚಯ ಇರುವುದಿಲ್ಲ. ಎಸ್.ಎಸ್.ಎಲ್.ಸಿ. ಪಟ್ಟಿಯಲ್ಲಿ ಒಂದು ಹೆಸರು, ಪದವಿಯ ಪಟ್ಟಿಯಲ್ಲಿ ಇನ್ನೊಂದು ಹೆಸರು ಕಂಡರೆ ಇವರಿಬ್ಬರೂ ಒಬ್ಬರೇ ಎಂದು ಅವರು ಒಪ್ಪಬೇಕಾದದ್ದಿಲ್ಲ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಬಿ.ಎ. ಓದುತ್ತಿರುವ ವಿದ್ಯಾರ್ಥಿನಿಯ ಹೆಸರು ಶಾಂತಲಾ ಬಿ. ಎಂ. ಎಂದಿರಲಿ. ನಾಲ್ಕನೆಯ ಸೆಮಿಸ್ಟರಿನ ಅಂಕಪಟ್ಟಿಯಲ್ಲಿ ಅದು ‘ಶಾಂತಲಾ ವಿ. ಎಂ.’ ಎಂದು ಅಚ್ಚಾಗಿದೆ. ಒಂದೇ ಅಕ್ಷರ ತಾನೇ ಎನ್ನಬೇಡಿ. ‘ಬಿ’ ಎಂಬುದು ಆಕೆಯ ತಂದೆಯ ಹೆಸರಿನ ಮೊದಲಕ್ಷರ. ಪಾಸ್‌ಪೋರ್ಟಿನಂಥ ಕಡೆ ಇನಿಷಿಯಲ್ ಬಿಡಿಸಿ ಬರೆಯಬೇಕಾದಾಗ ಈ ‘ವಿ’ಗೆ ಆಕೆ ಏನೆಂದು ಅರ್ಥ ಹೇಳಬೇಕು?

ಪತ್ರ ಬರೆಯುವ ಮೊದಲು ಒಂದು ಕೆಲಸ ಉಂಟು. ತಪ್ಪು ಎಲ್ಲಿ ಹುಟ್ಟಿತು ಎಂಬುದನ್ನು ನೀವೇ ಪತ್ತೆ ಮಾಡಬೇಕು. ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಪರೀಕ್ಷಾ ಅರ್ಜಿಯ ಪ್ರತಿ, ಪರೀಕ್ಷಾ ಪ್ರವೇಶ ಪತ್ರ ಅಂದರೆ ಹಾಲ್ ಟಿಕೆಟ್, ಹಿಂದಿನ ಸೆಮಿಸ್ಟರುಗಳ ಅಂಕಪಟ್ಟಿ, ಇವನ್ನೆಲ್ಲ ಸಾಲಾಗಿ ಇಟ್ಟುಕೊಂಡು ಅಕ್ಷರ ಅಕ್ಷರವಾಗಿ ಹೋಲಿಸಿ ನೋಡಿ. ಮೂರು ಸಂಗತಿಗಳಲ್ಲಿ ಒಂದು ನಿಮಗೆ ಕಾಣುತ್ತದೆ.

ಎಲ್ಲದರಲ್ಲಿಯೂ ಹೆಸರು ಸರಿಯಿದ್ದು ಹೊಸ ಪಟ್ಟಿಯಲ್ಲಿ ಮಾತ್ರ ತಪ್ಪಿದ್ದರೆ ಅದು ಮುದ್ರಣದ ದೋಷ. ಶಾಂತಲಾಳದು ಇದೇ ಬಗೆ.

ಅರ್ಜಿಯಲ್ಲಿಯೇ ತಪ್ಪಿದ್ದರೆ ದೋಷ ನಿಮ್ಮದೋ ಕಾಲೇಜಿನದೋ ಆಗಿರುತ್ತದೆ. 2021ರಿಂದ ರಾಜ್ಯದ ಅನೇಕ ವಿಶ್ವವಿದ್ಯಾನಿಲಯಗಳಲ್ಲಿ ಪ್ರವೇಶದ ವಿವರಗಳನ್ನು ಗಣಕಯಂತ್ರದ ಮೂಲಕವೇ ತುಂಬಲಾಗುತ್ತಿದೆ. ಅಲ್ಲಿ ತಪ್ಪಾಗಿ ಬಿದ್ದ ಅಕ್ಷರ ಮುಂದಿನ ಪ್ರತಿಯೊಂದು ಪಟ್ಟಿಗೂ ಹರಿದುಬರಬಹುದು. ಇಂಥಲ್ಲಿ ಮುದ್ರಣ ದೋಷವೆಂದು ಬರೆಯದೆ, ಅರ್ಜಿ ತುಂಬುವಾಗ ತಪ್ಪಾಗಿದೆ ಎಂದು ಇದ್ದುದನ್ನು ಇದ್ದಂತೆ ತಿಳಿಸಿ.

ಎಸ್.ಎಸ್.ಎಲ್.ಸಿ. ಪಟ್ಟಿಯಲ್ಲಿಯೇ ಹೆಸರು ತಪ್ಪಿದ್ದರೆ ವಿಶ್ವವಿದ್ಯಾನಿಲಯಕ್ಕೆ ಬರೆದು ಫಲವಿಲ್ಲ. ಹೆಸರಿಗೆ ಅವರು ಆಧಾರವಾಗಿ ನೋಡುವುದೇ ಆ ಪಟ್ಟಿಯನ್ನು. ಮೊದಲು ನೀವು ಓದಿದ ಶಾಲೆಯ ಮೂಲಕ ಆ ಪರೀಕ್ಷೆಯನ್ನು ನಡೆಸಿದ ಮಂಡಳಿಯಲ್ಲಿ ಅದನ್ನು ಸರಿಪಡಿಸಿಕೊಳ್ಳಬೇಕು.

ಇನ್ನು ಪತ್ರವನ್ನು ಯಾರಿಗೆ ಬರೆಯಬೇಕು? ಕರ್ನಾಟಕ ರಾಜ್ಯ ವಿಶ್ವವಿದ್ಯಾನಿಲಯಗಳ ಅಧಿನಿಯಮ, 2000ರ ವ್ಯಾಪ್ತಿಯ ವಿಶ್ವವಿದ್ಯಾನಿಲಯಗಳಲ್ಲಿ ಇಬ್ಬರು ಕುಲಸಚಿವರು ಇರುತ್ತಾರೆ. ಆಡಳಿತವನ್ನು ನೋಡಿಕೊಳ್ಳುವವರು ಒಬ್ಬರು, ಪರೀಕ್ಷೆ ಮತ್ತು ಅಂಕಪಟ್ಟಿಗಳನ್ನು ನೋಡಿಕೊಳ್ಳುವ ಕುಲಸಚಿವರು (ಮೌಲ್ಯಮಾಪನ) ಇನ್ನೊಬ್ಬರು. ನಿಮ್ಮ ಪತ್ರ ಹೋಗಬೇಕಾದದ್ದು ಈ ಎರಡನೆಯವರಿಗೆ. ಅದೂ ಪ್ರಾಂಶುಪಾಲರ ಮೂಲಕ. ಕಾಲೇಜಿನ ಪ್ರವೇಶ ದಾಖಲೆಯಲ್ಲಿ ನಿಮ್ಮ ಹೆಸರು ಹೇಗಿದೆ ಎಂದು ಹೇಳಬಲ್ಲವರು ಅವರೇ. ಅವರ ಸಹಿ ಮತ್ತು ಮೊಹರು ಇದ್ದರೆ ನಿಮ್ಮ ಮಾತಿಗೆ ಸಾಕ್ಷಿ ದೊರೆತಂತೆ.

ಈಗ ಶಾಂತಲಾಳ ಪತ್ರವನ್ನು ನೋಡಿ.

ಇಂದ,
ಶಾಂತಲಾ ಬಿ. ಎಂ.
ಬಿ.ಎ., ನಾಲ್ಕನೆಯ ಸೆಮಿಸ್ಟರ್
ನೋಂದಣಿ ಸಂಖ್ಯೆ: ..............
(ಕಾಲೇಜಿನ ಹೆಸರು, ಊರು, ದೂರವಾಣಿ ಸಂಖ್ಯೆ)

ಗೆ,
ಕುಲಸಚಿವರು (ಮೌಲ್ಯಮಾಪನ)
(ವಿಶ್ವವಿದ್ಯಾನಿಲಯದ ಹೆಸರು, ಊರು)

ಮೂಲಕ: ಪ್ರಾಂಶುಪಾಲರು, (ಕಾಲೇಜಿನ ಹೆಸರು)

ಮಾನ್ಯರೇ,

ವಿಷಯ: ನಾಲ್ಕನೆಯ ಸೆಮಿಸ್ಟರ್ ಅಂಕಪಟ್ಟಿಯಲ್ಲಿ ಹೆಸರಿನ ಮುದ್ರಣ ದೋಷವನ್ನು ಸರಿಪಡಿಸಿ ಹೊಸ ಅಂಕಪಟ್ಟಿ ನೀಡುವ ಕುರಿತು.

ಮೇಲ್ಕಂಡ ನೋಂದಣಿ ಸಂಖ್ಯೆಯ ನಾನು .......... ತಿಂಗಳಿನಲ್ಲಿ ನಡೆದ ಬಿ.ಎ. ನಾಲ್ಕನೆಯ ಸೆಮಿಸ್ಟರ್ ಪರೀಕ್ಷೆಗೆ ಹಾಜರಾಗಿರುತ್ತೇನೆ. ನನಗೆ ಬಂದಿರುವ ಅಂಕಪಟ್ಟಿಯಲ್ಲಿ (ಕ್ರಮಸಂಖ್ಯೆ ..........) ನನ್ನ ಹೆಸರು ತಪ್ಪಾಗಿ ಮುದ್ರಿತವಾಗಿದೆ.

ಮುದ್ರಿತವಾಗಿರುವುದು: ಶಾಂತಲಾ ವಿ. ಎಂ.
ಇರಬೇಕಾದದ್ದು: ಶಾಂತಲಾ ಬಿ. ಎಂ.

ನನ್ನ ಎಸ್.ಎಸ್.ಎಲ್.ಸಿ. ಅಂಕಪಟ್ಟಿ, ಈ ಪರೀಕ್ಷೆಯ ಪ್ರವೇಶ ಪತ್ರ ಹಾಗೂ ಹಿಂದಿನ ಮೂರು ಸೆಮಿಸ್ಟರುಗಳ ಅಂಕಪಟ್ಟಿಗಳಲ್ಲಿ ಹೆಸರು ಸರಿಯಾಗಿಯೇ ಇದೆ. ಆದ್ದರಿಂದ ತಾವು ದಯವಿಟ್ಟು ಈ ದೋಷವನ್ನು ದಾಖಲೆಗಳಲ್ಲಿಯೂ ಸರಿಪಡಿಸಿ, ತಿದ್ದುಪಡಿಯಾದ ಅಂಕಪಟ್ಟಿಯನ್ನು ನೀಡಬೇಕೆಂದು ಕೋರುತ್ತೇನೆ. ತಪ್ಪಾಗಿರುವ ಮೂಲ ಅಂಕಪಟ್ಟಿಯನ್ನು ಇದರೊಂದಿಗೆ ಹಿಂದಿರುಗಿಸುತ್ತಿದ್ದೇನೆ.

ವಂದನೆಗಳೊಂದಿಗೆ,

ಸ್ಥಳ: ..........
ದಿನಾಂಕ: ..........

ತಮ್ಮ ವಿಶ್ವಾಸಿ,
(ಸಹಿ)

ಲಗತ್ತುಗಳು:
1. ನಾಲ್ಕನೆಯ ಸೆಮಿಸ್ಟರ್ ಮೂಲ ಅಂಕಪಟ್ಟಿ
2. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯ ದೃಢೀಕೃತ ಪ್ರತಿ
3. ಪ್ರವೇಶ ಪತ್ರದ ಪ್ರತಿ
4. ಹಿಂದಿನ ಮೂರು ಅಂಕಪಟ್ಟಿಗಳ ಪ್ರತಿಗಳು

ಈ ಪತ್ರದಲ್ಲಿ ಗಮನಿಸಬೇಕಾದ ಒಂದೆರಡು ಅಂಶಗಳಿವೆ. ತಪ್ಪು ರೂಪ ಮತ್ತು ಸರಿ ರೂಪ ಎರಡನ್ನೂ ಒಂದರ ಕೆಳಗೆ ಒಂದು ಬರೆದಿರುವುದರಿಂದ ಓದುವ ಗುಮಾಸ್ತರಿಗೆ ವ್ಯತ್ಯಾಸ ಒಂದೇ ನೋಟಕ್ಕೆ ತಿಳಿಯುತ್ತದೆ. ಅಂಕಪಟ್ಟಿಯಲ್ಲಿ ಹೆಸರು ಇಂಗ್ಲಿಷಿನಲ್ಲಿಯೂ ಇದ್ದರೆ ಅದನ್ನು ದೊಡ್ಡ ಅಕ್ಷರಗಳಲ್ಲಿ ಹಾಗೆಯೇ ಬರೆಯಿರಿ. ಎರಡನೆಯದಾಗಿ, ‘ಹೆಸರು ಬದಲಾವಣೆ’ ಎಂಬ ಮಾತು ಪತ್ರದಲ್ಲಿ ಎಲ್ಲಿಯೂ ಇಲ್ಲ. ಹೆಸರು ಬದಲಾವಣೆ ಎಂದರೆ ಇದ್ದ ಹೆಸರನ್ನು ಬಿಟ್ಟು ಹೊಸ ಹೆಸರನ್ನು ಇಟ್ಟುಕೊಳ್ಳುವುದು. ಅದಕ್ಕೆ ಪ್ರಮಾಣಪತ್ರ, ಪತ್ರಿಕಾ ಪ್ರಕಟಣೆ ಎಂದು ಬೇರೆಯೇ ದಾರಿ ಉಂಟು. ವಿಷಯದ ಸಾಲಿನಲ್ಲಿ ಆ ಮಾತನ್ನು ಬರೆದುಬಿಟ್ಟರೆ, ಇಲ್ಲದ ದಾಖಲೆಗಳನ್ನು ಕೇಳಿ ನಿಮ್ಮ ಪತ್ರವನ್ನು ಹಿಂದಕ್ಕೆ ಕಳಿಸಬಹುದು.

ಮೂಲ ಅಂಕಪಟ್ಟಿಯನ್ನು ಕೊಡುವ ಮುನ್ನ ಅದರ ಎರಡೂ ಬದಿಯ ಜೆರಾಕ್ಸ್ ಪ್ರತಿಯನ್ನು ತೆಗೆದಿಟ್ಟುಕೊಳ್ಳಿ. ಪತ್ರದ ಇನ್ನೊಂದು ಪ್ರತಿಯ ಮೇಲೆ ಕಚೇರಿಯ ಮೊಹರು, ದಿನಾಂಕದೊಂದಿಗೆ ಸ್ವೀಕೃತಿ ಪಡೆಯಿರಿ. ಮುಂದೆ ವಿಚಾರಿಸಲು ಹೋದಾಗ ಕೇಳುವುದು ಅದನ್ನೇ. ಶುಲ್ಕ ಇದೆಯೇ, ಎಷ್ಟು, ಅದಕ್ಕೆಂದೇ ಮುದ್ರಿತ ನಮೂನೆ ಇದೆಯೇ ಎಂಬುದು ಒಂದೊಂದು ವಿಶ್ವವಿದ್ಯಾನಿಲಯದಲ್ಲಿ ಒಂದೊಂದು ರೀತಿ. ಕಾಲೇಜಿನ ಕಚೇರಿಯಲ್ಲಿ ಮೊದಲೇ ಕೇಳಿಕೊಂಡರೆ ಎರಡನೆಯ ಬಾರಿ ಓಡಾಡುವುದು ತಪ್ಪುತ್ತದೆ.

ಮಾಡಬಾರದ ಕೆಲಸವೂ ಒಂದುಂಟು. ‘ವಿ’ಯನ್ನು ಪೆನ್ನಿನಿಂದ ನೀವೇ ‘ಬಿ’ ಮಾಡಲು ಹೋಗಬೇಡಿ. ಅಚ್ಚಿನ ತಪ್ಪು ವಿಶ್ವವಿದ್ಯಾನಿಲಯದ್ದು. ತಿದ್ದಿದ ಪಟ್ಟಿ ನಿಮ್ಮ ಅಪರಾಧವಾಗಿ ಕಾಣುತ್ತದೆ.

ಹೊಸ ಪಟ್ಟಿ ಬಂದಾಗ ಹೆಸರೊಂದನ್ನೇ ನೋಡಿ ತೃಪ್ತರಾಗಬೇಡಿ. ಮರುಮುದ್ರಣದಲ್ಲಿ ಬೇರೆ ತಪ್ಪು ನುಸುಳಿರಬಹುದು. ನೋಂದಣಿ ಸಂಖ್ಯೆ, ವಿಷಯಗಳು, ಅಂಕಗಳು ಎಲ್ಲವನ್ನೂ ಹಳೆಯ ಪ್ರತಿಯೊಂದಿಗೆ ಹೋಲಿಸಿ. ಅಂಕಪಟ್ಟಿಗಳು ಈಗ ಡಿಜಿಲಾಕರಿನಲ್ಲಿಯೂ ದೊರೆಯುವುದರಿಂದ ಅಲ್ಲಿ ಹೆಸರು ಸರಿಯಾಗಿದೆಯೇ ಎಂಬುದನ್ನೂ ನೋಡಿ. ದಾಖಲೆಗಳಲ್ಲಿಯೂ ಸರಿಪಡಿಸಿ ಎಂದು ಶಾಂತಲಾ ಕೇಳಿರುವುದು ಇದಕ್ಕಾಗಿಯೇ. ಮೂಲ ದಾಖಲೆಯಲ್ಲಿ ‘ವಿ’ ಹಾಗೆಯೇ ಉಳಿದರೆ ಮುಂದಿನ ಅಂಕಪಟ್ಟಿಯಲ್ಲಿ ಅದು ಮತ್ತೆ ಬರಬಹುದು, ಕೊನೆಗೆ ಘಟಿಕೋತ್ಸವದ ಪದವಿ ಪತ್ರದ ಮೇಲೂ ಅದೇ ಕಾಣಿಸಿಕೊಳ್ಳಬಹುದು.