ನಿಮಗಿದು ಗೊತ್ತೆ? ಟೋಪಿಯ ಅಂಚಿನಲ್ಲಿದೆ ಮುಖಭಾವ

ಹಳೆಯ ಹಾಲಿವುಡ್ ಚಿತ್ರಗಳ ಪತ್ತೇದಾರ ತೊಡುವ ಫೆಡೋರಾ ಮೊದಲು ಹೆಸರಾದದ್ದು ಹೆಂಗಸಿನ ತಲೆಯ ಮೇಲೆ! 1882ರಲ್ಲಿ ಪ್ಯಾರಿಸ್ಸಿನಲ್ಲಿ ವಿಕ್ಟೋರಿಯೆನ್ ಸಾರ್ಡೂ ಬರೆದ ‘ಫೆಡೋರಾ’ ನಾಟಕದ ನಾಯಕಿಯಾಗಿ ನಟಿ ಸಾರಾ ಬರ್ನಾರ್ಡ್ ರಂಗಕ್ಕೆ ಬಂದರು. ಟೋಪಿಗೆ ಹೆಸರು ಕೊಟ್ಟದ್ದು ಆ ನಾಟಕವೇ. ಗಂಡಸರಲ್ಲಿ ಅದು ಜನಪ್ರಿಯವಾದದ್ದು 1920ರ ದಶಕದಲ್ಲಿ.

ಅದಕ್ಕೆ ನಿಗೂಢತೆ ತರುವುದು ಅಂಚು. ಮೆತ್ತನೆಯ ಫೆಲ್ಟ್ ಬಟ್ಟೆಯನ್ನು ಹಬೆಯಲ್ಲಿ ಹದಮಾಡಿ ಅಚ್ಚಿಗೆ ಕೂರಿಸಿ, ನೆತ್ತಿಯಲ್ಲಿ ಉದ್ದಕ್ಕೆ ಒಂದು ಮಡಿಕೆ, ಮುಂದೆ ಎರಡು ಕಡೆ ಚಿವುಟಿದಂಥ ತಗ್ಗು ಮೂಡಿಸುತ್ತಾರೆ. ಅಂಚನ್ನು ಮುಂದೆ ಕೆಳಗಿಳಿಸಿದರೆ ಕಣ್ಣು ನೆರಳಿಗೆ ಹೋಗುತ್ತದೆ. ನೋಡುವವರಿಗೆ ಟೋಪಿ ತೊಟ್ಟವರ ಮನಸ್ಸು ಓದಲಾಗುವುದಿಲ್ಲ. ಅದೇ ಅಂಚನ್ನು ಮೇಲೆತ್ತಿದರೆ ಮುಖ ತೆರೆದು, ಸ್ನೇಹದ ಕಳೆ ಬರುತ್ತದೆ.

ಇನ್ನು ಬೆರೆ ಟೋಪಿಗೆ ಅಂಚೇ ಇಲ್ಲ, ಮುಖ ಪೂರ್ತಿ ಬೆಳಕಿಗೆ. 1960ರಲ್ಲಿ ಅಲ್ಬರ್ಟೋ ಕೋರ್ಡಾ ತೆಗೆದ ಚೆ ಗೆವಾರನ ಚಿತ್ರದಲ್ಲಿ ಆ ದೃಷ್ಟಿ ಅಷ್ಟು ನೇರವಾಗಿ ತಾಕಲು ಇದೂ ಕಾರಣ. ಬಕೆಟ್ ಟೋಪಿಯ ಅಂಚು ಸುತ್ತಲೂ ಇಳಿಬೀಳುವುದರಿಂದ ಕಾಣುವುದು ಬಿಡುವಿನ ಸಡಿಲತೆ.

ಪೇಟದ ಲೆಕ್ಕವೇ ಬೇರೆ. ಅದು ನೆರಳು ಕೊಡುವ ಬದಲು ಎತ್ತರ ಕೊಡುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರ ಚಿತ್ರ ನೋಡಿ: ಹಣೆಯ ಮೇಲೆ ಮೈಸೂರು ಪೇಟದ ಜರಿಯಂಚು, ಅದರ ಕೆಳಗೆ ಒಂದಿಷ್ಟೂ ಮರೆಯಾಗದ ಕಣ್ಣುಗಳು.